ಮೂರು ನಿಮಿಷದಲ್ಲಿ ಕೊಳೆರೋಗ: ಎಲ್ಲಿಂದ ಶುರು ಮಾಡಬೇಕು, ಏನನ್ನು ಬಿಡಬೇಕು

ಪ್ರಶ್ನೆ: ಸರ್, ಶಿವಮೊಗ್ಗದಲ್ಲಿ ಪಿಎಚ್‌.ಡಿ ಮಾಡ್ತಾ ಇದೀನಿ, ಅಡಿಕೆಯ ಕೊಳೆರೋಗದ ಮೇಲೆ. ಫೆಬ್ರವರಿ 28ರ ವಿಜ್ಞಾನ ದಿನಕ್ಕೆ ಕಾಲೇಜಲ್ಲಿ ಮೂರು ನಿಮಿಷದ ಸಂಶೋಧನಾ ಭಾಷಣ ಸ್ಪರ್ಧೆ ಇಟ್ಟಿದ್ದಾರೆ. ಒಂದೇ ಸ್ಲೈಡ್, ಕನ್ನಡದಲ್ಲೇ ಮಾತಾಡಬಹುದು. ಬಿ.ಎ, ಬಿ.ಕಾಂ ಹುಡುಗರು, ಪೋಷಕರು ಎಲ್ಲ ಇರ್ತಾರೆ. ನಾನು ಬರೆದಿದ್ದನ್ನ ಓದಿದ್ರೆ ಆರು ನಿಮಿಷ ಆಗ್ತಿದೆ, ಏನು ಬಿಡಬೇಕೋ ಗೊತ್ತಾಗ್ತಿಲ್ಲ. ನನ್ನ ಹತ್ರ ಇರೋದು ಒಂದೇ ಮಳೆಗಾಲದ ಡೇಟಾ, ಅದನ್ನ ಹೇಳಬಹುದಾ? ಬರೆದದ್ದನ್ನ ಕಳಿಸಿದೀನಿ, ನೋಡಿ ಹೇಳಿ.

ಉತ್ತರ: ಬರೆದದ್ದನ್ನು ಓದಿದೆ. ಕೆಲಸ ಚೆನ್ನಾಗಿದೆ, ಆದರೆ ಅದು ನಾಲ್ಕನೇ ಪ್ಯಾರಾದಲ್ಲಿ ಶುರುವಾಗುತ್ತದೆ. ಅದಕ್ಕಿಂತ ಮುಂಚೆ ಇರುವುದೆಲ್ಲ ಅಡಿಕೆ ಎಂಥ ಬೆಳೆ, ಕೊಳೆರೋಗ ಎಂದರೇನು, ಎಷ್ಟು ನಷ್ಟ, ಯಾರು ಯಾವಾಗ ಏನು ಹೇಳಿದರು, ಇಷ್ಟೇ. ನಿಮ್ಮ ಮೊದಲ ವಾಕ್ಯ ಹೀಗಿದೆ: "ಅಡಿಕೆಯು ಕರ್ನಾಟಕದ ಪ್ರಮುಖ ವಾಣಿಜ್ಯ ಬೆಳೆಯಾಗಿದ್ದು, ಫೈಟಾಫ್ಥೊರಾ ಎಂಬ ರೋಗಕಾರಕದಿಂದ ಉಂಟಾಗುವ ಕೊಳೆರೋಗವು ಗಣನೀಯ ಇಳುವರಿ ನಷ್ಟವನ್ನು ಉಂಟುಮಾಡುತ್ತದೆ." ಇದನ್ನು ಶಿವಮೊಗ್ಗದ ಸಭಾಂಗಣದಲ್ಲಿ ಯಾರಿಗೆ ಹೇಳುತ್ತಿದ್ದೀರಿ ಅಂತ ಒಂದು ಸಲ ಯೋಚಿಸಿ. ಅಲ್ಲಿ ಕೂತವರಲ್ಲಿ ಎಷ್ಟೋ ಜನರ ಮನೆಯ ಹಿಂದೆ ತೋಟ ಇದೆ. ಜುಲೈಯಲ್ಲಿ ಕಾಯಿ ಉದುರುವ ಸದ್ದು ಕೇಳಿ ಬೆಳೆದವರು ಅವರು. ಬಿ.ಕಾಂ ಓದುವ ತೀರ್ಥಹಳ್ಳಿಯ ಹುಡುಗಿಗೆ ಮೈಲುತುತ್ತದ ಬೆಲೆ ನಿಮಗಿಂತ ಚೆನ್ನಾಗಿ ಗೊತ್ತಿರುತ್ತದೆ. ಅವರು ಸಸ್ಯರೋಗ ಶಾಸ್ತ್ರ ಓದಿಲ್ಲ ಅಷ್ಟೇ, ಕೊಳೆಯ ಬಗ್ಗೆ ಏನೂ ಗೊತ್ತಿಲ್ಲದವರಲ್ಲ.

ಅದಕ್ಕೇ ನನ್ನ ಮುಖ್ಯ ಸಲಹೆ ಇದು. ಅವರಿಗೆ ಗೊತ್ತಿರುವುದು ಎಲ್ಲಿಗೆ ಮುಗಿಯುತ್ತದೋ ಅಲ್ಲಿಂದ ಶುರು ಮಾಡಿ. ಕಾಯಿ ಉದುರುತ್ತದೆ, ಮೇಲೆ ಬಿಳಿ ಬೂಷ್ಟು ಬರುತ್ತದೆ, ಮಳೆಗಾಲದ ಮುಂಚೆ ಮೈಲುತುತ್ತ ಮತ್ತು ಸುಣ್ಣದ ಬೋರ್ಡೋ ದ್ರಾವಣ ಹೊಡೆಯಬೇಕು, ಇಲ್ಲಿವರೆಗೆ ಎಲ್ಲರಿಗೂ ಗೊತ್ತು. ಆದರೆ ಕೊಳೆ ತರುವ ಜೀವಿ ನೀರಿನಲ್ಲಿ ಈಜುತ್ತದೆ ಅನ್ನುವುದು ಬಹಳ ಜನಕ್ಕೆ ಗೊತ್ತಿಲ್ಲ. ಮಳೆ ನಿಂತ ಮೇಲೂ ಅಡಿಕೆಯ ಗೊಂಚಲು ಎಷ್ಟು ಹೊತ್ತು ಒದ್ದೆ ಇರುತ್ತದೆ ಅಂತ ಅಳೆಯುವ ನಿಮ್ಮ ಇಡೀ ಸಂಶೋಧನೆ ನಿಂತಿರುವುದು ಅದರ ಮೇಲೆಯೇ, ಮತ್ತೆ ಅದು ನಿಮ್ಮ ಬರಹದಲ್ಲಿ ಒಂದು ಅರ್ಧ ವಾಕ್ಯದಲ್ಲಿ, "ದ್ವಿಕಶಾಂಗೀಯ ಚಲನಶೀಲ ಜೂಸ್ಪೋರ್‌ಗಳು" ಅಂತ ಬಂದು ಹೋಗಿದೆ! ಸಭೆಯಲ್ಲಿ ತಲೆ ಎತ್ತಿ ನೋಡುವಂಥ ಮಾತು ಅದೊಂದೇ, ಅದನ್ನೇ ಮುಚ್ಚಿಟ್ಟಿದ್ದೀರಿ.

ಮೂರು ನಿಮಿಷ ಎಂದರೆ ಎಷ್ಟು ಅಂತ ಮೊದಲು ಲೆಕ್ಕ ಹಾಕೋಣ. ಕೇಳುವವರಿಗೆ ಅರ್ಥವಾಗುವ ವೇಗದಲ್ಲಿ, ನಡುನಡುವೆ ಉಸಿರು ತೆಗೆದುಕೊಂಡು ಕನ್ನಡ ಮಾತಾಡಿದರೆ ನಿಮಿಷಕ್ಕೆ 90ರಿಂದ 100 ಪದ ಹಿಡಿಯಬಹುದು. ಇಂಗ್ಲಿಷಿನಲ್ಲಿ ಇದಕ್ಕಿಂತ ಜಾಸ್ತಿ ಪದ ಬರುತ್ತವೆ, ಆದರೆ ನಮ್ಮ ಪದಗಳು ಉದ್ದ. ವಿಭಕ್ತಿ, ಕಾಲ ಎಲ್ಲ ಪದಕ್ಕೇ ಅಂಟಿಕೊಂಡಿರುತ್ತವೆ. ಆದ್ದರಿಂದ ಇಂಗ್ಲಿಷಿನ ಮಾರ್ಗದರ್ಶಿಗಳಲ್ಲಿ ಹೇಳುವ 400 ಪದದ ಲೆಕ್ಕ ಕನ್ನಡಕ್ಕೆ ಹಿಡಿಯಬೇಡಿ. 250 ಪದದ ಆಸುಪಾಸಿನಲ್ಲಿ ನಿಲ್ಲಿಸಿ. ಮನೆಯಲ್ಲಿ ಓದಿದಾಗ ಎರಡೂವರೆ ನಿಮಿಷಕ್ಕೆ ಮುಗಿಯಬೇಕು. ವೇದಿಕೆಯಲ್ಲಿ ಮೈಕ್ ಸರಿ ಮಾಡಿಕೊಳ್ಳುವುದು, ಒಂದು ಕಡೆ ತಡವರಿಸುವುದು, ಯಾರೋ ನಕ್ಕರೆ ನಿಲ್ಲುವುದು, ಇದಕ್ಕೆಲ್ಲ ಉಳಿದ ಸಮಯ ಸರಿಹೋಗುತ್ತದೆ.

ಈ ಸ್ಪರ್ಧೆಯ ಮಾದರಿ ಬಂದಿದ್ದು ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡ್ ವಿಶ್ವವಿದ್ಯಾಲಯದಿಂದ, 2008ರಲ್ಲಿ. ಅಲ್ಲಿನ ನಿಯಮ ಕಟ್ಟುನಿಟ್ಟು: ಅಲುಗಾಡದ ಒಂದೇ ಸ್ಲೈಡ್, ಕೈಯಲ್ಲಿ ಯಾವ ವಸ್ತುವೂ ಇರಬಾರದು, ಮೂರು ನಿಮಿಷ ದಾಟಿದರೆ ಸ್ಪರ್ಧೆಯಿಂದಲೇ ಹೊರಗೆ. ನೀವು ಮಾತಾಡಲು ಶುರು ಮಾಡಿದ ಕ್ಷಣದಿಂದ ಗಡಿಯಾರ ಓಡುತ್ತದೆ. ನಿಮ್ಮ ಕಾಲೇಜಿನವರು ಎಷ್ಟು ಬಿಗಿ ಮಾಡುತ್ತಾರೋ ಮೊದಲೇ ಕೇಳಿಕೊಳ್ಳಿ. ಕೊಳೆ ಬಂದ ಕಾಯಿ ತೋರಿಸಬೇಕು ಅಂದುಕೊಂಡಿದ್ದರೆ ಅದನ್ನೂ ಕೇಳಿ, ಬಹುಶಃ ಬೇಡ ಅನ್ನುತ್ತಾರೆ. ಫೆಬ್ರವರಿಯಲ್ಲಿ ಅಂಥ ಕಾಯಿ ಎಲ್ಲಿಂದ ತರುತ್ತೀರಿ, ಅದು ಬೇರೆ ಮಾತು.

ಗಡಿಯಾರದ ವಿಷಯ ಬಂದಾಗ ನಮ್ಮ ಕಡೆಯ ದೊಡ್ಡ ತೊಂದರೆ ಒಂದಿದೆ. "ವೇದಿಕೆಯ ಮೇಲೆ ಆಸೀನರಾಗಿರುವ ಮಾನ್ಯ ಪ್ರಾಂಶುಪಾಲರೇ, ಮುಖ್ಯ ಅತಿಥಿಗಳೇ, ತೀರ್ಪುಗಾರರೇ, ನನ್ನ ಮಾರ್ಗದರ್ಶಕರಾದ..." ಅಂತ ಹೊರಟರೆ ಅರ್ಧ ನಿಮಿಷ ಹೋಯಿತು. ಕೊನೆಯಲ್ಲಿ ಮತ್ತೆ "ಅವಕಾಶ ಮಾಡಿಕೊಟ್ಟ ಎಲ್ಲರಿಗೂ" ಅಂತ ಹದಿನೈದು ಸೆಕೆಂಡು. ಒಟ್ಟು ಸಮಯದ ನಾಲ್ಕನೇ ಒಂದು ಭಾಗ ವಂದನೆಗೇ ಹೋಯಿತು ಅಲ್ವಾ? ಒಂದು ನಮಸ್ಕಾರ ಸಾಕು. ಗೈಡ್ ಹೆಸರು, ವಿಭಾಗದ ಹೆಸರು ಸ್ಲೈಡಿನ ಕೆಳಗಿನ ಮೂಲೆಯಲ್ಲಿ ಹಾಕಿ, ಯಾರಿಗೂ ಬೇಜಾರಾಗುವುದಿಲ್ಲ. ಆದರೂ ಅಳುಕಿದ್ದರೆ ಮೊದಲೇ ಗೈಡ್ ಹತ್ತಿರ ಹೋಗಿ ಹೇಳಿಬಿಡಿ.

ಈಗ ಏನು ಬಿಡಬೇಕು ಅನ್ನುವುದಕ್ಕೆ ಬರೋಣ. ನಿಮ್ಮ ಬರಹದಲ್ಲಿ ನನಗೆ ತುಂಬ ಇಷ್ಟವಾದ ಭಾಗವನ್ನೇ ಮೊದಲು ತೆಗೆಯುತ್ತೇನೆ. 1908ರಲ್ಲಿ ಮೈಸೂರು ಸಂಸ್ಥಾನಕ್ಕೆ ಬಂದ ಕೆನಡಾದ ಲೆಸ್ಲಿ ಕೋಲ್ಮನ್ 1910ರಲ್ಲಿ ಕೊಳೆರೋಗದ ಮೇಲೆ ಬರೆದದ್ದು, ಅದಕ್ಕೂ ಮುಂಚೆ ಫ್ರಾನ್ಸಿನಲ್ಲಿ ಮಿಲಾರ್ಡೆ 1885ರಲ್ಲಿ ದ್ರಾಕ್ಷಿಯ ರೋಗಕ್ಕೆ ಮೈಲುತುತ್ತ ಮತ್ತು ಸುಣ್ಣದ ಮಿಶ್ರಣವನ್ನು ಲೋಕಕ್ಕೆ ತಿಳಿಸಿದ್ದು, ಬೋರ್ಡೋ ಎನ್ನುವ ಊರಿನ ಹೆಸರು ಮಲೆನಾಡಿನ ಅಡಿಕೆ ತೋಟದವರ ಬಾಯಲ್ಲಿ ಉಳಿದದ್ದು, ಇದೆಲ್ಲ ಒಳ್ಳೆಯ ಕಥೆ. ಒಂದು ಗಂಟೆಯ ಉಪನ್ಯಾಸದಲ್ಲಿ ಖಂಡಿತ ಹೇಳಿ. ಆದರೆ ಇದು ನಿಮ್ಮ ಪ್ರಶ್ನೆಗೆ ಉತ್ತರ ಕೊಡುವುದಿಲ್ಲ. ನಿಮ್ಮ ಪ್ರಶ್ನೆ ಇತಿಹಾಸದ್ದಲ್ಲ, ಒದ್ದೆಯದ್ದು. ಕೇಳುವವರು ಕೋಲ್ಮನ್ ಕಥೆಯನ್ನೇ ನೆನಪಿಟ್ಟುಕೊಂಡು ಮನೆಗೆ ಹೋಗುತ್ತಾರೆ, ನಿಮ್ಮ ಕೆಲಸ ಮರೆಯುತ್ತಾರೆ.

ಎರಡನೆಯದು, "ಇದು ಶಿಲೀಂಧ್ರವಲ್ಲ" ಎನ್ನುವ ಭಾಗ. ನೀವು ಹೇಳಿರುವುದು ಪೂರ್ತಿ ಸರಿ. ಫೈಟಾಫ್ಥೊರಾ ನೋಡಲು ಬೂಷ್ಟಿನ ಹಾಗಿದ್ದರೂ ನಿಜವಾದ ಶಿಲೀಂಧ್ರದ ಗುಂಪಿಗೆ ಸೇರುವುದಿಲ್ಲ, ಕಂದು ಪಾಚಿಗಳ ಹತ್ತಿರದ ಸಂಬಂಧಿ, ಅದರ ಜೀವಕೋಶದ ಗೋಡೆಯೂ ಬೇರೆ. ಆದರೆ ಇದನ್ನು ಸಾಮಾನ್ಯ ಜನರಿಗೆ ಹೇಳಿದರೆ ಮೊದಲು ಶಿಲೀಂಧ್ರ ಎಂದರೇನು ಅಂತ ಹೇಳಬೇಕು, ಆಮೇಲೆ ಪಾಚಿ ಹೇಗೆ ಬಂತು ಅಂತ ಹೇಳಬೇಕು, ಮೂವತ್ತು ಸೆಕೆಂಡು ಎಲ್ಲಿ ಹೋಯಿತು ಗೊತ್ತೇ ಆಗುವುದಿಲ್ಲ. ಹಾಗಂತ "ಕೊಳೆರೋಗದ ಶಿಲೀಂಧ್ರ" ಎಂದು ತಪ್ಪು ಹೇಳಬೇಡಿ, ಸಭೆಯಲ್ಲಿ ಸಸ್ಯಶಾಸ್ತ್ರದ ಮೇಷ್ಟ್ರು ಒಬ್ಬರಾದರೂ ಇರುತ್ತಾರೆ. "ಕೊಳೆ ತರುವ ಜೀವಿ" ಅನ್ನಿ. ಸುಲಭವೂ ಹೌದು, ನಿಜವೂ ಹೌದು. ಮೂರು ನಿಮಿಷದ ಮಾತಿಗೆ ಇಂಥ ಪದಗಳನ್ನು ಹುಡುಕುವುದೇ ಹೆಚ್ಚಿನ ಕೆಲಸ. ಸರಳ ಮಾಡುವ ಭರದಲ್ಲಿ ಸುಳ್ಳು ಹೇಳಬಾರದು, ನಿಖರವಾಗಿ ಹೇಳುವ ಭರದಲ್ಲಿ ಜನರನ್ನು ಕಳೆದುಕೊಳ್ಳಬಾರದು.

ಮೂರನೆಯದು, ನಷ್ಟದ ಶೇಕಡಾವಾರು. ಬೇರೆ ಬೇರೆ ಕಡೆಯಿಂದ ಎತ್ತಿದ ಮೂರು ಅಂಕಿಗಳನ್ನು ಹಾಕಿದ್ದೀರಿ. ಕೊಳೆಯ ನಷ್ಟ ವರ್ಷದಿಂದ ವರ್ಷಕ್ಕೆ, ತೋಟದಿಂದ ತೋಟಕ್ಕೆ ಬದಲಾಗುತ್ತದೆ, ಔಷಧಿ ಹೊಡೆದಿದ್ದಾರೋ ಇಲ್ಲವೋ ಅನ್ನುವುದರ ಮೇಲೂ ಇದೆ. ಸಭೆಯಲ್ಲಿ ಕೂತವರು ಆ ಅಂಕಿಯನ್ನು ತಮ್ಮ ತೋಟಕ್ಕೆ ಹೋಲಿಸಿ "ನಮ್ಮಲ್ಲಿ ಅಷ್ಟಿಲ್ಲಪ್ಪ" ಅಂತ ಯೋಚಿಸಲು ಶುರು ಮಾಡಿದರೆ ನಿಮ್ಮ ಮುಂದಿನ ಎರಡು ವಾಕ್ಯ ಕೇಳಿಸಿಕೊಳ್ಳುವುದಿಲ್ಲ. ತೆಗೆಯಿರಿ. "ಭಯೋತ್ಪಾದಕರಂತೆ ದಾಳಿ ಮಾಡುವ ಬೀಜಕಣಗಳು" ಅಂತ ಒಂದು ಕಡೆ ಬರೆದಿದ್ದೀರಿ, ಅದನ್ನೂ ತೆಗೆಯಿರಿ. ಎರಡು ಬಾಲ ಬಡಿಯುತ್ತಾ ಕಾಯಿಯ ಮೇಲಿನ ನೀರಿನಲ್ಲಿ ಈಜುವ ಜೀವಿಗೆ ಇನ್ನು ಹೋಲಿಕೆ ಯಾಕೆ?

ಉಳಿಯುವುದು ಒಂದು ಸರಪಳಿ. ಜೀವಿಗೆ ಈಜಲು ನೀರು ಬೇಕು. ಆ ನೀರು ಮಳೆ ನಿಂತ ಮೇಲೂ ಕಾಯಿ ಗೊಂಚಲಿನ, ಅಂದರೆ ಕೊನೆಯ ಮೇಲೆ ಉಳಿಯುತ್ತದೆ. ಎಷ್ಟು ಹೊತ್ತು ಅನ್ನುವುದನ್ನು ಮಳೆ ಮಾಪಕ ಹೇಳುವುದಿಲ್ಲ. ನೀವು ಅದನ್ನು ಅಳೆಯುತ್ತಿದ್ದೀರಿ. ಈ ಸರಪಳಿಗೆ ಸೇರದ ಯಾವ ವಾಕ್ಯಕ್ಕೂ ಜಾಗ ಇಲ್ಲ. ನಿಮ್ಮ ಬರಹದಲ್ಲಿದ್ದದ್ದನ್ನೇ ಇಟ್ಟುಕೊಂಡು ನಾನು ಹೀಗೆ ಜೋಡಿಸಿದ್ದೇನೆ, ಬಾಯಿಗೆ ಬರುವ ಹಾಗೆ ನೀವು ಬದಲಾಯಿಸಿಕೊಳ್ಳಿ:

"ನಮಸ್ಕಾರ. ಜುಲೈ ತಿಂಗಳು ಅಂದುಕೊಳ್ಳಿ. ರಾತ್ರಿಯಿಡೀ ಸುರಿದ ಮಳೆ ಬೆಳಗಿನ ಜಾವ ನಿಂತಿದೆ. ತೋಟಕ್ಕೆ ಇಳಿದರೆ ನೆಲದ ಮೇಲೆಲ್ಲ ಹಸಿ ಕಾಯಿ. ಎತ್ತಿ ನೋಡಿದರೆ ಬಿಳಿ ಬೂಷ್ಟು. ಕೊಳೆ ಬಂತು ಅಂತ ಯಾರೂ ಹೇಳಿಕೊಡಬೇಕಾಗಿಲ್ಲ.

ಆದರೆ ಅದಕ್ಕೂ ಮುಂಚೆ, ಮರದ ತುದಿಯಲ್ಲಿ, ಕತ್ತಲಲ್ಲಿ ಏನು ನಡೆದಿತ್ತು? ಕೊಳೆ ತರುವ ಜೀವಿ ಈಜುತ್ತದೆ. ಅದರ ಬೀಜಕಣಕ್ಕೆ ಎರಡು ಬಾಲಗಳಿವೆ. ಒಂದು ಮಿಲಿಮೀಟರನ್ನು ನೂರು ಭಾಗ ಮಾಡಿದರೆ ಅದರಲ್ಲಿ ಒಂದು ಭಾಗದಷ್ಟು ಗಾತ್ರ. ಈಜಲು ಅದಕ್ಕೆ ಕೆರೆ ಬೇಡ, ಕಾಯಿಯ ಮೇಲೆ ತೆಳ್ಳಗೆ ನೀರಿದ್ದರೆ ಸಾಕು. ಆ ನೀರಲ್ಲಿ ಈಜಿ ಜಾಗ ಹುಡುಕಿ ಅಂಟಿಕೊಳ್ಳುತ್ತದೆ, ಆಮೇಲೆ ಕಾಯಿಯ ಒಳಗೆ ಇಳಿಯುತ್ತದೆ. ಅಷ್ಟರೊಳಗೆ ನೀರು ಆರಿದರೆ ಅದರ ಈಜು ಅಲ್ಲಿಗೆ ನಿಂತಿತು.

ಹಾಗಾದರೆ ಎಷ್ಟು ಮಳೆ ಬಂತು ಅಂತ ಗೊತ್ತಿದ್ದರೆ ಸಾಲದು. ಮಳೆ ನಿಂತ ಮೇಲೂ ಕೊನೆ ಎಷ್ಟು ಹೊತ್ತು ಒದ್ದೆ ಇತ್ತು? ಮಳೆ ಮಾಪಕ ಇದನ್ನು ಹೇಳುವುದಿಲ್ಲ. ನಾನು ಅಳೆಯುತ್ತಿರುವುದು ಇದನ್ನೇ.

ಎರಡು ತೋಟ ಆರಿಸಿಕೊಂಡೆ. ಒಂದು ಕಣಿವೆಯ ತಳದಲ್ಲಿದೆ, ಇನ್ನೊಂದು ಗಾಳಿಯಾಡುವ ಜಾಗದಲ್ಲಿದೆ. ಕೊನೆಯ ಪಕ್ಕದಲ್ಲಿ ಎಲೆಯಷ್ಟು ತೆಳ್ಳಗಿನ ಹಲಗೆಯೊಂದನ್ನು ಕಟ್ಟಿದೆ. ಅದರ ಮೇಲೆ ನೀರಿದೆಯೋ ಇಲ್ಲವೋ ಅಂತ ಅದು ಕಾಲು ಗಂಟೆಗೊಮ್ಮೆ ಬರೆದಿಡುತ್ತದೆ. ಕೆಳಗೆ ಉದುರಿದ ಕಾಯಿಯನ್ನು ನಾನು ವಾರಕ್ಕೊಮ್ಮೆ ಎಣಿಸುತ್ತೇನೆ.

ಕಳೆದ ಮಳೆಗಾಲದಲ್ಲಿ ಎರಡೂ ತೋಟಕ್ಕೆ ಹೆಚ್ಚು ಕಡಿಮೆ ಒಂದೇ ಮಳೆ. ಆದರೆ ಕಣಿವೆಯ ತೋಟದಲ್ಲಿ ಮಳೆ ನಿಂತ ಮೇಲೂ ಬಹಳ ಹೊತ್ತು ಒದ್ದೆ ಉಳಿಯಿತು. ಕೊಳೆ ಮೊದಲು ಬಂದದ್ದೂ ಅಲ್ಲೇ.

ಇದು ಒಂದೇ ಮಳೆಗಾಲ, ಎರಡೇ ತೋಟ. ಇದನ್ನು ನಂಬಿ ಔಷಧಿಯ ದಿನ ಬದಲಾಯಿಸಿ ಎಂದು ನಾನು ಹೇಳುವುದಿಲ್ಲ. ಬೇರೆ ತೋಟಗಳಲ್ಲೂ, ಮುಂದಿನ ಮಳೆಗಾಲಗಳಲ್ಲೂ ಹೀಗೇ ಕಂಡರೆ ಆಗ ಒಂದು ಪ್ರಶ್ನೆ ಕೇಳಬಹುದು. ಎರಡನೇ ಸಲದ ಬೋರ್ಡೋವನ್ನು ಇಷ್ಟು ದಿನ ಆಯಿತು ಅಂತ ಹೊಡೆಯುವ ಬದಲು, ಇಷ್ಟು ಹೊತ್ತು ಒದ್ದೆ ಇತ್ತು ಅಂತ ನೋಡಿ ಹೊಡೆಯಬಹುದೇ? ಈ ಜೂನ್‌ನಲ್ಲಿ ಆ ಹಲಗೆಗಳು ಮತ್ತೆ ಮರ ಹತ್ತುತ್ತವೆ."

ಇಷ್ಟೇ. ಗಟ್ಟಿಯಾಗಿ ಓದಿ ನೋಡಿ, ಇನ್ನೂರು ಪದದ ಆಸುಪಾಸಿದೆ, ಎರಡೂಕಾಲು ನಿಮಿಷದ ಹತ್ತಿರ ಬರುತ್ತದೆ.

ಇದರಲ್ಲಿ ಕೆಲವು ಕಡೆ ಯಾಕೆ ಹಾಗೆ ಬರೆದೆ ಅಂತ ಹೇಳಬೇಕು. ವಿಜ್ಞಾನ ದಿನ ಬರುವುದು ಫೆಬ್ರವರಿಯಲ್ಲಿ, ಹೊರಗೆ ಬಿಸಿಲು, ಕೊನೆ ಕೊಯ್ಲು ಮುಗಿದಿರುತ್ತದೆ, ಕೊಳೆ ಯಾರ ತಲೆಯಲ್ಲೂ ಇರುವುದಿಲ್ಲ. ಅದಕ್ಕೇ ಮೊದಲು ಅವರನ್ನು ಜುಲೈಗೆ ಕರೆದುಕೊಂಡು ಹೋಗಬೇಕು, ಅದಕ್ಕೆ ನಾಲ್ಕು ಸಣ್ಣ ವಾಕ್ಯ ಖರ್ಚು ಮಾಡಿದ್ದೇನೆ. "ನೀರು ಆರಿದರೆ ಅದರ ಈಜು ನಿಂತಿತು" ಅಂತ ಬರೆದಿದ್ದೇನೆ, "ರೋಗ ನಿಂತಿತು" ಅಂತ ಬರೆದಿಲ್ಲ. ನಿಮ್ಮ ಕರಡಿನಲ್ಲಿ "ಒಣಗಿದರೆ ರೋಗ ಹರಡುವುದಿಲ್ಲ" ಎಂದಿತ್ತು. ಅದು ತಪ್ಪು ದಾರಿಗೆ ಎಳೆಯುತ್ತದೆ, ಏಕೆಂದರೆ ಆಗಲೇ ಕಾಯಿಯ ಒಳಗೆ ಸೇರಿಕೊಂಡದ್ದು ಹೊರಗೆ ಬಿಸಿಲು ಬಂದ ಮಾತ್ರಕ್ಕೆ ಸಾಯುವುದಿಲ್ಲ. ನಾಲ್ಕು ದಿನ ಬಿಸಿಲು ಬಿದ್ದರೂ ಕಾಯಿ ಉದುರುವುದನ್ನು ಕಂಡವರು ಅಲ್ಲಿ ಕೂತಿರುತ್ತಾರೆ. ಒಂದು ಪದ ಜಾರಿದರೂ ಅವರು ನಿಮ್ಮನ್ನು ನಂಬುವುದು ಬಿಡುತ್ತಾರೆ.

ಒಂದೇ ಮಳೆಗಾಲದ ಡೇಟಾ ಹೇಳಬಹುದಾ ಅಂತ ಕೇಳಿದ್ದೀರಿ. ಹೇಳಬಹುದು, ಆದರೆ ಅದು ಒಂದೇ ಮಳೆಗಾಲದ್ದು ಎಂದು ನೀವೇ, ವೇದಿಕೆಯ ಮೇಲೇ, ಯಾರೂ ಕೇಳುವ ಮುಂಚೆ ಹೇಳಬೇಕು. ಇದು ವಿನಯದ ಮಾತಲ್ಲ. ಎರಡು ತೋಟದ ನಡುವೆ ಒದ್ದೆ ಒಂದೇ ಬೇರೆಯಾಗಿಲ್ಲ. ಮರದ ವಯಸ್ಸು, ನೆರಳು, ಮೊದಲ ಔಷಧಿ ಹೊಡೆದ ದಿನ, ಹಿಂದಿನ ವರ್ಷದ ಕೊಳೆ ಎಷ್ಟಿತ್ತು, ಇವೆಲ್ಲ ಬೇರೆ ಇರಬಹುದು. ಹಾಗಿದ್ದ ಮೇಲೆ ಕಣಿವೆಯಲ್ಲಿ ಕೊಳೆ ಮೊದಲು ಬಂದದ್ದಕ್ಕೆ ಒದ್ದೆಯೇ ಕಾರಣ ಎಂದು ಎರಡು ತೋಟ ನೋಡಿ ಹೇಳಲು ಬರುವುದಿಲ್ಲ. ಅದಕ್ಕೇ "ಒದ್ದೆ ಜಾಸ್ತಿ ಇತ್ತು, ಕೊಳೆಯೂ ಮೊದಲು ಬಂತು" ಅಂತ ಎರಡನ್ನು ಪಕ್ಕಪಕ್ಕ ಇಟ್ಟಿದ್ದೇನೆ, ನಡುವೆ "ಆದ್ದರಿಂದ" ಹಾಕಿಲ್ಲ. ತೀರ್ಪುಗಾರರಲ್ಲಿ ಸಂಶೋಧನೆ ಮಾಡಿದವರು ಒಬ್ಬರಿದ್ದರೂ ಇದನ್ನು ಗಮನಿಸುತ್ತಾರೆ. ಇನ್ನೂ ಒಂದು ಕಾರಣ ಇದೆ. ಕೇಳುವವರಲ್ಲಿ ತೋಟದವರಿದ್ದಾರೆ. "ಕಾಲೇಜಲ್ಲಿ ಹೇಳಿದರು" ಅಂತ ಯಾರಾದರೂ ಎರಡನೇ ಔಷಧಿ ಮುಂದೆ ಹಾಕಿ, ಆ ವರ್ಷ ಮಳೆ ಬಿಡದೆ ಹಿಡಿದರೆ? ಬೋರ್ಡೋ ಕೆಲಸ ಮಾಡುವುದು ರೋಗ ಬರುವ ಮುಂಚೆ ಕಾಯಿಯ ಮೇಲೆ ಇದ್ದರೆ ಮಾತ್ರ. ಬೀಜಕಣ ಬಂದಿಳಿದಾಗ ಅಲ್ಲಿರುವ ತಾಮ್ರ ಅದನ್ನು ಕೊಲ್ಲುತ್ತದೆ, ಒಳಗೆ ಹೋದ ಮೇಲೆ ಏನೂ ಮಾಡುವುದಿಲ್ಲ. ತಡವಾದರೆ ಆ ಫಸಲು ಮತ್ತೆ ಕೈಗೆ ಬರುವುದಿಲ್ಲ.

ಸ್ಲೈಡ್ ಬಗ್ಗೆ. ನೀವು ಕಳಿಸಿದ್ದರಲ್ಲಿ ಜೀವನಚಕ್ರದ ಚಿತ್ರ, ಎರಡು ಗ್ರಾಫ್, ಒಂದು ಕೋಷ್ಟಕ, ಕಾಲೇಜಿನ ಲಾಂಛನ, ಮೇಲೆ ಮೂರು ಸಾಲಿನ ಶೀರ್ಷಿಕೆ ಇದೆ. ಜನ ಅದನ್ನು ಓದಲು ಹೊರಟರೆ ನಿಮ್ಮ ಮಾತು ಕೇಳುವುದಿಲ್ಲ. ಎಡಗಡೆ ಕೊಳೆ ಬಂದ ಕೊನೆಯ ಒಂದು ದೊಡ್ಡ ಫೋಟೋ ಹಾಕಿ, ಕಾಯಿಯ ತೊಟ್ಟಿನ ಹತ್ತಿರ ಕಪ್ಪಾಗಿರುವುದು ಕಾಣಬೇಕು. ಬಲಗಡೆ ಎರಡು ಪಟ್ಟಿ, ಒಂದರ ಕೆಳಗೆ ಒಂದು. ಯಾವುದೋ ಒಂದು ದಿನದ್ದು, ನಿಮ್ಮ ಡೇಟಾದಿಂದಲೇ ತೆಗೆದದ್ದು. ಮೇಲಿನ ಪಟ್ಟಿ "ಮಳೆ ಬಂದ ಹೊತ್ತು", ಕೆಳಗಿನದು "ಕೊನೆ ಒದ್ದೆ ಇದ್ದ ಹೊತ್ತು". ಕೆಳಗಿನದು ಉದ್ದ ಇರುತ್ತದೆ, ಅಷ್ಟು ಕಂಡರೆ ಸಾಕು, ಬಿ.ಎ ಹುಡುಗನಿಗೂ ವಿಷಯ ಗೊತ್ತಾಯಿತು. ಆ ದಿನವನ್ನು ಆರಿಸುವಾಗ ತೀರಾ ವಿಶೇಷವಾದ ದಿನ ಹಿಡಿಯಬೇಡಿ, ಸಾಧಾರಣ ದಿನ ಹಿಡಿಯಿರಿ, ಯಾಕೆ ಆ ದಿನ ಅಂತ ಕೇಳಿದರೆ ಹೇಳಲು ಬರಬೇಕು.

ಸುಮ್ನೆ ಒಂದು ಎಚ್ಚರಿಕೆ: ನುಡಿಯ ಹಳೆಯ, ಯೂನಿಕೋಡ್ ಅಲ್ಲದ ಫಾಂಟಿನಲ್ಲಿ ಟೈಪ್ ಮಾಡಿ ಪೆನ್‌ಡ್ರೈವ್‌ನಲ್ಲಿ ತೆಗೆದುಕೊಂಡು ಹೋದರೆ ಸಭಾಂಗಣದ ಕಂಪ್ಯೂಟರಿನಲ್ಲಿ ಆ ಫಾಂಟ್ ಇಲ್ಲದೆ ಅಕ್ಷರವೆಲ್ಲ ಚಿತ್ರವಿಚಿತ್ರ ಗುರುತುಗಳಾಗಿಬಿಡುತ್ತವೆ. ಯೂನಿಕೋಡಿನಲ್ಲೇ ಬರೆದು, ಪಿಡಿಎಫ್ ಮಾಡಿ, ಹಿಂದಿನ ದಿನವೇ ಆ ಕಂಪ್ಯೂಟರಿನಲ್ಲೇ ತೆರೆದು ನೋಡಿ. ತೆಳು ಹಸಿರು, ತೆಳು ಹಳದಿ ಬಳಸಬೇಡಿ, ಕಿಟಕಿಯ ಬೆಳಕಿಗೆ ಪರದೆಯ ಮೇಲೆ ಕಾಣುವುದೇ ಇಲ್ಲ. ಕರೆಂಟ್ ಹೋದರೂ ನಿಮ್ಮ ಮಾತು ಅರ್ಥವಾಗಬೇಕು. ಮೇಲಿನ ಭಾಷಣದಲ್ಲಿ "ಇಲ್ಲಿ ನೋಡಿ" ಎಂದು ಎಲ್ಲೂ ಬರೆಯದಿರುವುದು ಅದಕ್ಕೇ.

ಅಭ್ಯಾಸ ಹೇಗೆ ಮಾಡಬೇಕು ಅಂತ ಎಲ್ಲರೂ ಕನ್ನಡಿ ಮುಂದೆ ನಿಲ್ಲಿ ಅನ್ನುತ್ತಾರೆ. ಕನ್ನಡಿಗೆ ಸಸ್ಯರೋಗ ಶಾಸ್ತ್ರ ಗೊತ್ತಾ ಇಲ್ವಾ ಅಂತ ನಿಮಗೆ ತಿಳಿಯುವುದಿಲ್ಲ. ಪ್ರಯೋಗಾಲಯದ ಗೆಳೆಯರ ಮುಂದೆಯೂ ಬೇಡ, ಅವರಿಗೆ ಎಲ್ಲ ಅರ್ಥವಾಗಿಬಿಡುತ್ತದೆ. ಮನೆಯಲ್ಲಿ ಅತ್ತೆಯೋ ಚಿಕ್ಕಪ್ಪನೋ ಯಾರಾದರೂ ಇದ್ದರೆ ಒಂದು ಸಲ ಹೇಳಿ. ಮುಗಿದ ಮೇಲೆ "ಚೆನ್ನಾಗಿತ್ತಾ" ಅಂತ ಕೇಳಬೇಡಿ, ಚೆನ್ನಾಗಿತ್ತು ಅಂತಲೇ ಅನ್ನುತ್ತಾರೆ. ಒಂದು ಗಂಟೆ ಬಿಟ್ಟು, ಊಟಕ್ಕೆ ಕೂತಾಗ, "ನಾನು ಏನು ಕೆಲಸ ಮಾಡ್ತಿದೀನಿ ಅಂತ ಹೇಳಿದೆ?" ಎಂದು ಕೇಳಿ. "ಕೊಳೆರೋಗದ ಬಗ್ಗೆ ಏನೋ" ಅಂದರೆ ಭಾಷಣ ತಲುಪಿಲ್ಲ. "ಮಳೆ ನಿಂತ ಮೇಲೂ ಕೊನೆ ಎಷ್ಟು ಹೊತ್ತು ಒದ್ದೆ ಇರತ್ತೆ ಅಂತ ಅಳೀತಿದೀಯ" ಅಂದರೆ ತಲುಪಿದೆ. "ಅದು ಈಜುತ್ತಂತೆ" ಅಂತ ಮಾತ್ರ ಹೇಳಿದರೆ ಎರಡನೇ ಪ್ಯಾರಾ ಚೆನ್ನಾಗಿದೆ, ಮೂರನೆಯದು ಮಂಕಾಗಿದೆ ಎಂದರ್ಥ. ಆಗ "ಮಳೆ ಮಾಪಕ ಇದನ್ನು ಹೇಳುವುದಿಲ್ಲ" ಅನ್ನುವಲ್ಲಿ ನಿಧಾನ ಮಾಡಿ, ಒಂದು ಕ್ಷಣ ನಿಲ್ಲಿ. ಪೂರ್ತಿ ಬಾಯಿಪಾಠ ಬೇಡ. ಮೊದಲ ನಾಲ್ಕು ವಾಕ್ಯ ಮತ್ತು ಕೊನೆಯ ಎರಡು ವಾಕ್ಯ ಬಾಯಿಪಾಠ ಇರಲಿ, ನಡುವಿನ ಸರಪಳಿ ಗೊತ್ತಿದ್ದರೆ ಮಾತು ತಾನಾಗಿ ಬರುತ್ತದೆ.

ಇನ್ನು ಪ್ರಶ್ನೆಗಳು. ಮೂಲ ಸ್ಪರ್ಧೆಯ ಅಂಕ ಮಾತಿಗೇ, ಪ್ರಶ್ನೋತ್ತರಕ್ಕಲ್ಲ, ಆದರೆ ನಮ್ಮ ಕಾಲೇಜುಗಳಲ್ಲಿ ಒಂದೆರಡು ಪ್ರಶ್ನೆ ಕೇಳದೆ ಬಿಡುವುದಿಲ್ಲ. ಮೂರನ್ನು ನಾನು ಈಗಲೇ ಹೇಳಬಲ್ಲೆ. ಒಬ್ಬರು ಎಲೆಚುಕ್ಕಿ ರೋಗಕ್ಕೂ ಇದೇ ಲೆಕ್ಕವಾ ಅಂತ ಕೇಳುತ್ತಾರೆ, ಈಗ ಮಲೆನಾಡಿನಲ್ಲಿ ಅಡಿಕೆ ಅಂದ ಕೂಡಲೇ ಎಲ್ಲರಿಗೂ ಅದೇ ಚಿಂತೆ. ಅದು ಬೇರೆ ಜೀವಿ, ಕೊಲೆಟೋಟ್ರಿಕಮ್ ಎನ್ನುವ ನಿಜವಾದ ಶಿಲೀಂಧ್ರ, ಅದಕ್ಕೆ ಈಜುವ ಬೀಜಕಣ ಇಲ್ಲ. ತೇವ ಅದಕ್ಕೂ ಬೇಕು, ಆದರೆ ನನ್ನ ಅಳತೆಯನ್ನು ಅಲ್ಲಿಗೆ ಹಾಗೇ ಒಯ್ಯಲಾಗದು ಎಂದು ಹೇಳಿ ಮುಗಿಸಿ. ಇನ್ನೊಬ್ಬರು, ಹಿರಿಯರು, "ಕೊನೆಗೆ ಕೊಟ್ಟೆ ಕಟ್ಟಿದರೆ ಸಾಲದೇನಪ್ಪ" ಅನ್ನುತ್ತಾರೆ. ಇದು ನಿಮಗೆ ವರ. ಕೊನೆಗೆ ಕೊಟ್ಟೆ ಕಟ್ಟುವುದೂ, ಅಂದರೆ ಹೊದಿಕೆ ಹಾಕಿ ಮುಚ್ಚುವುದೂ, ನೀರು ಕಾಯಿಗೆ ತಾಗದಿರಲಿ ಅಂತಲೇ. ಹೌದು ಸರ್, ಅದರ ಹಿಂದಿನ ಲೆಕ್ಕವೂ ಇದೇ, ಆದರೆ ಪ್ರತಿ ಮರ ಹತ್ತಿ ಕಟ್ಟಲು ಕೊನೆಗೌಡರು ಸಿಗಬೇಕಲ್ಲ ಅನ್ನಿ, ಸಭೆ ನಿಮ್ಮ ಕಡೆ ಬರುತ್ತದೆ.

ಮೂರನೆಯದು ಕಷ್ಟದ್ದು, ತೀರ್ಪುಗಾರರಿಂದ ಬರುತ್ತದೆ. "ನಿಮ್ಮ ಹಲಗೆ ಚಪ್ಪಟೆ, ಕೊನೆಯಲ್ಲಿ ಕಾಯಿ ಒತ್ತೊತ್ತಾಗಿರುತ್ತದೆ. ಹಲಗೆ ಆರಿದಾಗ ಕಾಯಿಯೂ ಆರಿತ್ತು ಅಂತ ಹೇಗೆ ಹೇಳುತ್ತೀರಿ?" ಇದು ನ್ಯಾಯವಾದ ಪ್ರಶ್ನೆ. ಕಾಯಿಗಳ ಸಂದಿಯಲ್ಲಿ, ತೊಟ್ಟಿನ ಸುತ್ತ ನೀರು ಜಾಸ್ತಿ ಹೊತ್ತು ನಿಲ್ಲುತ್ತದೆ. ಕೊಳೆಯ ಮೊದಲ ಕಲೆ ಕಾಣುವುದೂ ಹೆಚ್ಚಾಗಿ ತೊಟ್ಟಿನ ಹತ್ತಿರವೇ. ಅಂದರೆ ನಿಮ್ಮ ಹಲಗೆ ಒದ್ದೆಯ ಹೊತ್ತನ್ನು ಕಡಿಮೆ ತೋರಿಸುತ್ತಿರುವ ಸಾಧ್ಯತೆ ಇದೆ. ನಿಮ್ಮ ಬರಹದಲ್ಲಿ ಇದರ ಸುದ್ದಿಯೇ ಇಲ್ಲ. ಮುಂದಿನ ಮಳೆಗಾಲದಲ್ಲಿ ಕೆಲವು ಬೆಳಿಗ್ಗೆ ದೋಟಿಯಿಂದ ಒಂದೆರಡು ಕೊನೆ ಇಳಿಸಿ, ಸಂದಿಗೆ ಒಣ ಒತ್ತುಕಾಗದ ಒತ್ತಿ, ಅದೇ ಹೊತ್ತಿಗೆ ಹಲಗೆ ಏನು ಬರೆದಿದೆ ಅಂತ ಹೋಲಿಸಿ ನೋಡಿ. ಅಲ್ಲಿಯವರೆಗೆ ಪ್ರಶ್ನೆ ಬಂದರೆ, ಎರಡೂ ತೋಟದಲ್ಲಿ ಒಂದೇ ಬಗೆಯ ಹಲಗೆಯನ್ನು ಒಂದೇ ರೀತಿ ಕಟ್ಟಿದ್ದೇನೆ, ಆದ್ದರಿಂದ ಎರಡನ್ನು ಒಂದಕ್ಕೊಂದು ಹೋಲಿಸಬಹುದು, ಆದರೆ ಕಾಯಿಯ ಮೇಲೆ ನಿಜವಾಗಿ ಎಷ್ಟು ಗಂಟೆ ನೀರಿತ್ತು ಅಂತ ಇದರಿಂದ ಹೇಳಲಾರೆ ಎಂದು ಉತ್ತರಿಸಿ. ಕಟ್ಟಿದ್ದು ನಿಜವಾಗಿ ಒಂದೇ ಎತ್ತರದಲ್ಲಿ, ಒಂದೇ ದಿಕ್ಕಿಗೆ ಅಂತ ನಿಮ್ಮ ಪುಸ್ತಕದಲ್ಲಿ ಒಮ್ಮೆ ನೋಡಿಕೊಂಡು ಹೋಗಿ.